ಅಂಗಡಿ ಹೆಸರಿನ ಇಮೇಲ್: ವಿಳಾಸ ಎಂಟಿದ್ರೂ ಮೇಲ್‌ಬಾಕ್ಸ್ ಮೂರು ಸಾಕಾಗಬಹುದು

ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದವರಿಗೆ ಆಮೇಲೆ ಬರುವ ಎರಡನೇ ಕೊಟೇಷನ್ ಇಮೇಲ್‌ದು. ಜಿಮೇಲ್ ವಿಳಾಸದ ಬದಲು ಅಂಗಡಿಯ ಹೆಸರಿನಲ್ಲೇ `sales@`, `accounts@` ಅಂತ ವಿಳಾಸ ಮಾಡಿಕೊಡ್ತೀವಿ ಎಂಬ ಆಫರ್. ಕೊಟೇಷನ್‌ನಲ್ಲಿ ನಾಲ್ಕು ಸಾಲು ಇರುತ್ತೆ: ಇಷ್ಟು ಮೇಲ್‌ಬಾಕ್ಸ್, ಒಂದೊಂದಕ್ಕೆ ಇಷ್ಟು ಜಿಬಿ, ದಿನಕ್ಕೆ ಇಷ್ಟು ಮೇಲ್, ಇಷ್ಟು ಅಲಿಯಾಸ್. ಬಹಳಷ್ಟು ಮಂದಿ ಕೆಳಗಿನ ಮೊತ್ತ ಮಾತ್ರ ನೋಡಿ ಚೌಕಾಸಿ ಮಾಡ್ತಾರೆ. ಆದರೆ ಮೊತ್ತ ಹೆಚ್ಚಾಗೋದೂ, ಆರು ತಿಂಗಳ ನಂತರ ಮೇಲ್ ನಿಂತು ಹೋಗೋದೂ ಮೇಲಿನ ಆ ನಾಲ್ಕು ಸಾಲುಗಳಿಂದಲೇ.

ತಾಲೂಕು ಕೇಂದ್ರದ ಒಂದು ಪಂಪ್‌ಸೆಟ್ ಮತ್ತು ಪೈಪ್ ಅಂಗಡಿಯ ಲೆಕ್ಕ ಇಟ್ಟುಕೊಂಡು ಆ ನಾಲ್ಕು ಸಾಲು ಬಿಡಿಸಿ ನೋಡಬಹುದು. ಅಂಗಡಿ ಹೆಸರು ಬೇಡ ಎಂದು ಮಾಲೀಕರು ಹೇಳಿದ್ದಾರೆ. ಅಲ್ಲಿ ಇರೋದು ಐದು ಜನ: ಮಾಲೀಕರು, ಮಧ್ಯಾಹ್ನ ಬಂದು ಲೆಕ್ಕ ಬರೆಯುವವರು, ಕೌಂಟರ್‌ನಲ್ಲಿ ಇಬ್ಬರು ಹುಡುಗರು, ಒಬ್ಬ ಮೆಕ್ಯಾನಿಕ್. ವೆಬ್‌ಸೈಟ್ ಮಾಡಿದವರು ಕೊಟ್ಟ ಪಟ್ಟಿಯಲ್ಲಿ ಇದ್ದದ್ದು ಎಂಟು ವಿಳಾಸ: ಮಾಲೀಕರ ಹೆಸರಿನದು, ಇಬ್ಬರು ಹುಡುಗರ ಹೆಸರಿನವು, ಜೊತೆಗೆ `accounts@`, `sales@`, `info@`, `orders@`, `service@`. ಎಂಟು ವಿಳಾಸ, ಆದ್ದರಿಂದ ಎಂಟು ಮೇಲ್‌ಬಾಕ್ಸ್ ಅಂತ ಬಿಲ್.

ವಿಳಾಸ ಬೇರೆ, ಪೆಟ್ಟಿಗೆ ಬೇರೆ

ಮೇಲ್‌ಬಾಕ್ಸ್ ಅಂದರೆ ಒಂದು ಪೆಟ್ಟಿಗೆ. ಅದಕ್ಕೆ ತನ್ನದೇ ಪಾಸ್‌ವರ್ಡ್ ಇರುತ್ತೆ, ತನ್ನದೇ ಜಾಗ ಇರುತ್ತೆ, ಕಂಪನಿ ಬಿಲ್ ಹಾಕೋದು ಇದರ ಎಣಿಕೆ ಮೇಲೆ. ಅಲಿಯಾಸ್ ಅಂದರೆ ಅದೇ ಪೆಟ್ಟಿಗೆಗೆ ಅಂಟಿಸಿದ ಇನ್ನೊಂದು ಹೆಸರು. ಒಂದೇ ಮನೆಗೆ ಹಳೆ ಡೋರ್ ನಂಬರ್, ಹೊಸ ಡೋರ್ ನಂಬರ್ ಎರಡೂ ಬರೆದಿದ್ದರೆ ಪೋಸ್ಟ್‌ಮ್ಯಾನ್ ಯಾವುದಕ್ಕೆ ಬಂದ ಕಾಗದವನ್ನೂ ಅದೇ ಮನೆಗೆ ಹಾಕುತ್ತಾನಲ್ಲ, ಹಾಗೆ. ಅಲಿಯಾಸ್‌ಗೆ ಬೇರೆ ಪಾಸ್‌ವರ್ಡ್ ಇಲ್ಲ, ಅದರಿಂದ ಬೇರೆಯಾಗಿ ಲಾಗಿನ್ ಆಗೋಕೆ ಬರಲ್ಲ. ಸಾಮಾನ್ಯವಾಗಿ ಅದಕ್ಕೆ ದುಡ್ಡೂ ಇಲ್ಲ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಂದು ಮೇಲ್‌ಬಾಕ್ಸ್‌ಗೆ 30 ಅಲಿಯಾಸ್‌ವರೆಗೆ ಹೆಚ್ಚಿನ ಶುಲ್ಕ ಇಲ್ಲದೆ ಸೇರಿಸಬಹುದು.

ಹಾಗಾಗಿ ಎಣಿಸಬೇಕಾದ್ದು ವಿಳಾಸವನ್ನಲ್ಲ, ದಿನಾ ಮೇಲ್ ತೆರೆದು ಓದುವ ಜನರನ್ನ. ಪಂಪ್‌ಸೆಟ್ ಅಂಗಡಿಯಲ್ಲಿ ಮೆಕ್ಯಾನಿಕ್ ಮೇಲ್ ನೋಡೋದೇ ಇಲ್ಲ, ಅವನಿಗೆ ಕೆಲಸ ಹೋಗೋದು ಫೋನಿನಲ್ಲಿ. ಕೌಂಟರ್‌ನಲ್ಲಿ ಇರೋದು ಒಂದೇ ಕಂಪ್ಯೂಟರ್. ಉಳಿದವರು ಮಾಲೀಕರು ಮತ್ತು ಲೆಕ್ಕದವರು. ಅಲ್ಲಿಗೆ ಬೇಕಾದ ಪೆಟ್ಟಿಗೆ ಮೂರು: ಮಾಲೀಕರದ್ದು, `accounts@`, `sales@`. ಉಳಿದ `info@`, `orders@`, `service@` ಮತ್ತು ಹುಡುಗರ ಹೆಸರಿನ ಎರಡು, ಈ ಐದೂ `sales@` ಪೆಟ್ಟಿಗೆಯ ಅಲಿಯಾಸ್ ಆದರೆ ಸಾಕು.

ದುಡ್ಡಿನ ಲೆಕ್ಕಕ್ಕೆ ಒಂದು ಮೇಲ್‌ಬಾಕ್ಸ್‌ಗೆ ತಿಂಗಳಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ಎಂಟಕ್ಕೆ ವರ್ಷಕ್ಕೆ 9,600 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿದರೆ 11,328. ಮೂರಕ್ಕೆ 3,600, ತೆರಿಗೆ ಸೇರಿ 4,248. ವ್ಯತ್ಯಾಸ 7,080 ರೂಪಾಯಿ, ಅದೂ ಪ್ರತಿ ವರ್ಷ.

ಒಂದು ಪೆಟ್ಟಿಗೆಯನ್ನು ಇಬ್ಬರು ಹುಡುಗರು ಬಳಸೋದರಲ್ಲಿ ತೊಡಕೂ ಇದೆ. ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿರುತ್ತೆ, ಲಾಗಿನ್ ಕೋಡ್ ಒಬ್ಬರ ಫೋನಿಗೆ ಮಾತ್ರ ಬರುತ್ತೆ, ಯಾವ ಉತ್ತರ ಯಾರು ಕಳಿಸಿದ್ದು ಅಂತ ಆಮೇಲೆ ಪತ್ತೆ ಆಗಲ್ಲ. ಕೌಂಟರ್‌ನ ಒಂದೇ ಕಂಪ್ಯೂಟರಲ್ಲಿ ತೆರೆದಿಟ್ಟುಕೊಳ್ಳೋ ಅಂಗಡಿಗೆ ಇದು ನಡೆಯುತ್ತೆ. ಇಬ್ಬರಿಗೂ ತಮ್ಮ ತಮ್ಮ ಮೊಬೈಲಿನಲ್ಲಿ ಮೇಲ್ ಬೇಕು ಅಂದರೆ ನಾಲ್ಕನೇ ಪೆಟ್ಟಿಗೆ ಕೊಳ್ಳೋದೇ ಸರಿ. ಮೈಕ್ರೋಸಾಫ್ಟ್ 365 ಬಳಸುವವರಿಗೆ ಇನ್ನೊಂದು ದಾರಿ ಇದೆ. ಅಲ್ಲಿ ಶೇರ್ಡ್ ಮೇಲ್‌ಬಾಕ್ಸ್ ಅಂತ ಒಂದು ಮಾಡಿ, ಇಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಅದನ್ನ ತೆರೆಯಬಹುದು. 50 ಜಿಬಿವರೆಗೆ ಆ ಶೇರ್ಡ್ ಪೆಟ್ಟಿಗೆಗೆ ಬೇರೆ ಲೈಸೆನ್ಸ್ ಬೇಡ.

ಅಲಿಯಾಸ್ ಎಲ್ಲಿ ಕೈಕೊಡುತ್ತೆ

ಮೊದಲನೇ ತೊಂದರೆ ಉತ್ತರ ಕೊಡುವಾಗ. ಗಿರಾಕಿ `service@` ಗೆ ಬರೆದಿರ್ತಾರೆ, ಉತ್ತರ ಹೋಗೋದು `sales@` ಹೆಸರಿನಲ್ಲಿ. ಬರೆದವರಿಗೆ ಗೊಂದಲ. ಜಿಮೇಲ್ ಪರದೆ ಇರುವ ಸೇವೆಯಲ್ಲಿ ಸೆಟ್ಟಿಂಗ್ಸ್ ಒಳಗೆ `Send mail as` ಅನ್ನೋ ಕಡೆ ಅಲಿಯಾಸ್ ಸೇರಿಸಿ, ಅದರ ಕೆಳಗೆ `Reply from the same address the message was sent to` ಆಯ್ಕೆ ಮಾಡಬೇಕು. ಬೇರೆ ಸೇವೆಗಳಲ್ಲಿ ಇದಕ್ಕೆ ಹೆಸರು ಬೇರೆ ಇರುತ್ತೆ, ಆದರೆ ಅಲಿಯಾಸ್ ಹೆಸರಿನಲ್ಲಿ ಮೇಲ್ ಕಳಿಸೋಕೂ ಆಗುತ್ತಾ ಅಂತ ಕೇಳಲೇಬೇಕು. ಕೆಲವು ಕಡಿಮೆ ದರದ ಪ್ಲಾನ್‌ಗಳಲ್ಲಿ ಅಲಿಯಾಸ್‌ಗೆ ಬಂದ ಮೇಲ್ ಓದಬಹುದು ಅಷ್ಟೇ, ಅದರಿಂದ ಕಳಿಸೋಕೆ ಬರಲ್ಲ.

ಎರಡನೆಯದು ಗುಟ್ಟಿನ ವಿಷಯ. ಅಲಿಯಾಸ್‌ಗೆ ಬಂದದ್ದೆಲ್ಲ ಆ ಪೆಟ್ಟಿಗೆ ತೆರೆಯುವವರ ಕಣ್ಣಿಗೆ ಬೀಳುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟಿರುವ ಇಮೇಲ್, ಪಾಸ್‌ವರ್ಡ್ ಬದಲಿಸುವ ಲಿಂಕ್, ಇವು ಕೌಂಟರ್ ಪೆಟ್ಟಿಗೆಗೆ ಬರೋ ಹಾಗೆ ಇರಬಾರದು. ಪಂಪ್‌ಸೆಟ್ ಅಂಗಡಿಯಲ್ಲಿ ಬ್ಯಾಂಕಿಗೆ `info@` ಕೊಟ್ಟಿದ್ದರು. ಅದು `sales@` ನ ಅಲಿಯಾಸ್ ಆಗುವ ಮೊದಲು ಬ್ಯಾಂಕಿನಲ್ಲಿ ವಿಳಾಸ ಬದಲಿಸಿ ಮಾಲೀಕರ ಪೆಟ್ಟಿಗೆಗೆ ಹಾಕಿಸಬೇಕಾಯಿತು. ಈ ಕೆಲಸ ಮೊದಲು, ಅಲಿಯಾಸ್ ಆಮೇಲೆ.

ಮೂರನೆಯದು ಕೆಲಸ ಬಿಟ್ಟು ಹೋಗುವವರದ್ದು. ಹುಡುಗನ ಹೆಸರಿನಲ್ಲಿ ಬೇರೆ ಪೆಟ್ಟಿಗೆ ಇದ್ದು, ಅವನು ಬಿಟ್ಟ ದಿನ ಅದನ್ನ ಅಳಿಸಿಬಿಟ್ಟರೆ ಎರಡು ನಷ್ಟ. ಒಳಗಿದ್ದ ಹಳೆಯ ಮಾತುಕತೆ ಹೋಗುತ್ತೆ, ಮುಂದೆ ಗಿರಾಕಿ ಬರೆದ ಮೇಲ್ ವಾಪಸ್ ಹೋಗುತ್ತೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನ 20 ದಿನದೊಳಗೆ ಮಾತ್ರ ವಾಪಸ್ ತರಬಹುದು. ಸರಿಯಾದ ಕ್ರಮ ಹೀಗೆ: ಮೊದಲು ಪಾಸ್‌ವರ್ಡ್ ಬದಲಿಸಿ, ಹಳೆ ಮೇಲ್‌ಗಳನ್ನು ಇನ್ನೊಂದು ಪೆಟ್ಟಿಗೆಗೆ ಸಾಗಿಸಿ, ಆಮೇಲೆ ಖಾತೆ ಅಳಿಸಿ, ಕೊನೆಗೆ ಅದೇ ಹೆಸರನ್ನ `sales@` ಗೆ ಅಲಿಯಾಸ್ ಮಾಡಿ. ಗಿರಾಕಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಹುಡುಗರ ಹೆಸರು ಮೊದಲಿನಿಂದಲೇ ಅಲಿಯಾಸ್ ಆಗಿದ್ದರೆ ಈ ಓಡಾಟವೇ ಇರಲ್ಲ. ಪಾಸ್‌ವರ್ಡ್ ಬದಲಿಸಿದರೆ ಮುಗೀತು.

10 ಜಿಬಿ ಎಷ್ಟು ದಿನಕ್ಕೆ ಬರುತ್ತೆ

ಜಾಗದ ಲೆಕ್ಕ ಮನೆಯಲ್ಲೇ ಹಾಕಬಹುದು. ಪಂಪ್‌ಸೆಟ್ ಅಂಗಡಿಯ ಕೌಂಟರ್‌ಗೆ ದಿನಕ್ಕೆ ಬರೋದೂ ಹೋಗೋದೂ ಸೇರಿ ಸುಮಾರು 40 ಮೇಲ್. ಕೊಟೇಷನ್ ಪಿಡಿಎಫ್, ಸುಟ್ಟು ಹೋದ ಮೋಟಾರಿನ ಫೋಟೋ, ಕಂಪನಿ ಕ್ಯಾಟಲಾಗ್ ಎಲ್ಲ ಇರೋದರಿಂದ ಸರಾಸರಿ ಅರ್ಧ ಎಂಬಿ ಹಿಡಿಯೋಣ. ದಿನಕ್ಕೆ 20 ಎಂಬಿ ಆಯ್ತು. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 6,000 ಎಂಬಿ, ಅಂದರೆ ಹೆಚ್ಚುಕಡಿಮೆ 6 ಜಿಬಿ. 5 ಜಿಬಿ ಪೆಟ್ಟಿಗೆ ಹತ್ತು ತಿಂಗಳಿಗೆ ತುಂಬುತ್ತೆ.

ಲೆಕ್ಕದವರ ಪೆಟ್ಟಿಗೆ ಬೇರೆ ಥರ. ದಿನಕ್ಕೆ 15 ಮೇಲ್, ಬಿಲ್ ಪಿಡಿಎಫ್ ಸಣ್ಣದು, ಒಂದಕ್ಕೆ 200 ಕೆಬಿ. ದಿನಕ್ಕೆ 3 ಎಂಬಿ, ವರ್ಷಕ್ಕೆ 900 ಎಂಬಿ. ಇವರಿಗೆ 5 ಜಿಬಿ ಐದು ವರ್ಷ ದಾಟುತ್ತೆ. ಅಂದರೆ ಮೂರೂ ಪೆಟ್ಟಿಗೆಗೆ ಒಂದೇ ದೊಡ್ಡ ಪ್ಲಾನ್ ಬೇಕಿಲ್ಲ. ಒಂದೇ ಡೊಮೇನ್‌ನಲ್ಲಿ ಒಂದು ಪೆಟ್ಟಿಗೆ ದೊಡ್ಡದು, ಎರಡು ಸಣ್ಣದು ಅಂತ ತಗೊಳ್ಳೋಕೆ ಕೆಲವು ಕಂಪನಿಗಳು ಬಿಡುತ್ತವೆ. ಕೆಲವು ಬಿಡಲ್ಲ. ಕೇಳಿದರೆ ಮಾತ್ರ ಹೇಳ್ತಾರೆ.

ಲೆಕ್ಕ ತಪ್ಪಿಸುವ ಸಂಗತಿಗಳು ಮೂರು. ಕಳಿಸಿದ ಮೇಲ್‌ಗಳೂ ಜಾಗ ತಿನ್ನುತ್ತವೆ. ಅಳಿಸಿದ್ದು ಟ್ರ್ಯಾಶ್‌ನಲ್ಲಿ ಇರುವವರೆಗೆ ಜಾಗ ಬಿಟ್ಟುಕೊಡಲ್ಲ. ಇನ್ನು ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗುವಾಗ ಅಕ್ಷರ ರೂಪಕ್ಕೆ ಬದಲಾಗೋದರಿಂದ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತೆ. 3 ಎಂಬಿ ಫೋಟೋ ಮೇಲ್‌ನಲ್ಲಿ 4 ಎಂಬಿ ಆಗೋದು ಇದೇ ಕಾರಣಕ್ಕೆ.

ಪೆಟ್ಟಿಗೆ ತುಂಬಿದಾಗ ಏನಾಗುತ್ತೆ ಅನ್ನೋದು ಇಲ್ಲಿ ಮುಖ್ಯ. ಅಂಗಡಿಯವರಿಗೆ ಏನೂ ಕಾಣಲ್ಲ. ಹೊಸ ಮೇಲ್ ಬರ್ತಿಲ್ಲ, ಇವತ್ತು ವ್ಯಾಪಾರ ಕಡಿಮೆ ಅಂದುಕೊಳ್ತಾರೆ. ತಪ್ಪು ಸಂದೇಶ ಹೋಗೋದು ಕಳಿಸಿದ ಗಿರಾಕಿಗೆ. ಅದರಲ್ಲಿ ಹೀಗೆ ಇರುತ್ತೆ:

```
452 4.2.2 ... over quota
552 5.2.2 ... mailbox full
```

4 ರಿಂದ ಶುರುವಾದರೆ ಕಳಿಸಿದ ಕಡೆಯ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. ಅಷ್ಟರಲ್ಲಿ ಜಾಗ ಮಾಡಿದರೆ ಮೇಲ್ ಬಂದು ಸೇರುತ್ತೆ. 5 ರಿಂದ ಶುರುವಾದರೆ ಆ ಮೇಲ್ ಹೋಯಿತು, ಅವರೇ ಮತ್ತೆ ಕಳಿಸಬೇಕು. ಹಾಗಾಗಿ ಎರಡು ಮೂರು ದಿನ ಮೇಲ್ ಅಪರೂಪವಾದರೆ ಬೇರೆ ಯಾವುದಾದರೂ ಖಾತೆಯಿಂದ ಒಂದು ಮೇಲ್ ಹಾಕಿ ನೋಡೋದು ಒಳ್ಳೇದು. ಶೇ. 80 ತುಂಬಿದಾಗಲೇ ಎಚ್ಚರಿಕೆ ಬರುವ ಹಾಗೆ ಇಡೋಕೆ ಬಂದರೆ ಇಡಬೇಕು.

ಜಾಗ ಹಂಚುವ ರೀತಿಯೂ ಬೇರೆ ಬೇರೆ. ಗೂಗಲ್ ವರ್ಕ್‌ಸ್ಪೇಸ್‌ನ ಬಿಸಿನೆಸ್ ಸ್ಟಾರ್ಟರ್‌ನಲ್ಲಿ ಒಬ್ಬರಿಗೆ 30 ಜಿಬಿ ಅಂತ ಬರೆದಿದ್ದರೂ ಅದು ಎಲ್ಲರದ್ದೂ ಸೇರಿದ ಒಂದೇ ರಾಶಿ. ಮೂವರಿದ್ದರೆ 90 ಜಿಬಿ, ಡ್ರೈವ್‌ನಲ್ಲಿ ಇಟ್ಟ ಕಡತವೂ ಅದರಲ್ಲೇ ಎಣಿಕೆ. ವೆಬ್‌ಸೈಟ್ ಹೋಸ್ಟಿಂಗ್ ಜೊತೆ ‘ಫ್ರೀ ಇಮೇಲ್’ ಅಂತ ಬರುವುದರಲ್ಲಿ ಸಾಮಾನ್ಯವಾಗಿ ವೆಬ್‌ಸೈಟ್, ಮೇಲ್ ಎರಡಕ್ಕೂ ಒಂದೇ ಜಾಗ. ‘ಅನ್‌ಲಿಮಿಟೆಡ್ ಮೇಲ್‌ಬಾಕ್ಸ್’ ಅಂದರೆ ಪೆಟ್ಟಿಗೆ ಎಷ್ಟು ಬೇಕಾದರೂ ಮಾಡಿಕೊಳ್ಳಿ ಅಂತ. ಜಾಗ ಅನ್‌ಲಿಮಿಟೆಡ್ ಅಂತ ಅಲ್ಲ.

ಜೋಹೋ ಮೇಲ್‌ನಲ್ಲಿ ಒಂದು ಡೊಮೇನ್‌ಗೆ ಐದು ಜನರವರೆಗೆ, ಒಬ್ಬರಿಗೆ 5 ಜಿಬಿಯ ಉಚಿತ ಪ್ಲಾನ್ ಇದೆ. ಸಣ್ಣ ಅಂಗಡಿಗೆ ಅದು ಸಾಕಾಗಬಹುದು. ಆದರೆ ಅದನ್ನ ಬ್ರೌಸರಲ್ಲಿ ಅಥವಾ ಅವರದೇ ಆ್ಯಪ್‌ನಲ್ಲಿ ತೆರೆಯಬೇಕು. ಔಟ್‌ಲುಕ್‌ನಂಥ ಬೇರೆ ಸಾಫ್ಟ್‌ವೇರ್‌ಗೆ ಜೋಡಿಸೋಕೆ ಬೇಕಾದ ಐಮ್ಯಾಪ್, ಪಾಪ್ ಸೌಲಭ್ಯ ಆ ಉಚಿತ ಪ್ಲಾನ್‌ನಲ್ಲಿ ಇಲ್ಲ.

ದಿನದ ಮಿತಿ: ಮೇಲ್ ಒಂದೇ, ಲೆಕ್ಕ ನೂರು

ಪಂಪ್‌ಸೆಟ್ ಅಂಗಡಿಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಕಂಪನಿ ಪೈಪ್ ದರ ಬದಲಿಸಿತ್ತು. ಹೊಸ ರೇಟ್ ಲಿಸ್ಟ್ ಅನ್ನು 610 ಗಿರಾಕಿಗಳಿಗೆ ಕಳಿಸಬೇಕು. ಕೌಂಟರ್ ಹುಡುಗ ಬೆಳಗ್ಗೆ ಹತ್ತಕ್ಕೆ ಬಿಸಿಸಿ ಯಲ್ಲಿ ನೂರು ನೂರು ವಿಳಾಸ ಹಾಕಿ ಕಳಿಸೋಕೆ ಶುರು ಮಾಡಿದ. ಮೂರು ಮೇಲ್ ಹೋಯ್ತು, ನಾಲ್ಕನೆಯದು ಹೋಗಲಿಲ್ಲ. ಅವರ ಪ್ಲಾನ್‌ನಲ್ಲಿ ದಿನಕ್ಕೆ 300 ಅಂತ ಇತ್ತು. ‘ನಾನು ಕಳಿಸಿದ್ದು ಮೂರೇ ಮೇಲ್ ಅಲ್ವಾ’ ಅನ್ನೋದು ಅವನ ಪ್ರಶ್ನೆ.

ಹೆಚ್ಚಿನ ಕಡೆ ಎಣಿಸೋದು ಮೇಲ್ ಅಲ್ಲ, ಅದನ್ನ ಪಡೆಯುವವರನ್ನ. ಟು, ಸಿಸಿ, ಬಿಸಿಸಿ ಮೂರರಲ್ಲೂ ಇರುವ ವಿಳಾಸಗಳೆಲ್ಲ ಸೇರುತ್ತವೆ. ನೂರು ಜನರಿಗೆ ಹೋದ ಒಂದು ಮೇಲ್ ನೂರು ಅಂತಲೇ ಲೆಕ್ಕ.

ಮಧ್ಯಾಹ್ನ ಎರಡಕ್ಕೆ ಒಬ್ಬ ಗುತ್ತಿಗೆದಾರರು ಫೋನ್ ಮಾಡಿ ನಾಲ್ಕು ಗಂಟೆಯೊಳಗೆ ಕೊಟೇಷನ್ ಮೇಲ್‌ನಲ್ಲೇ ಬೇಕು ಅಂದರು. `sales@` ನಿಂದ ಹೋಗಲಿಲ್ಲ. ಹುಡುಗ `info@` ನಿಂದ ಪ್ರಯತ್ನ ಮಾಡಿದ, ಅದೂ ಹೋಗಲಿಲ್ಲ. ಹೋಗೋಕೆ ಸಾಧ್ಯವೂ ಇರಲಿಲ್ಲ, ಯಾಕಂದ್ರೆ `info@` ಅದೇ ಪೆಟ್ಟಿಗೆಯ ಅಲಿಯಾಸ್. ಅಲಿಯಾಸ್ ಹತ್ತು ಇದ್ದರೂ ದಿನದ ಮಿತಿ ಒಂದೇ, ಜಾಗವೂ ಒಂದೇ. ಕೊನೆಗೆ ಮಾಲೀಕರ ಪೆಟ್ಟಿಗೆಯಿಂದ ಕಳಿಸಿದ ಮೇಲೆ ಕೊಟೇಷನ್ ತಲುಪಿತು. ಅವರ ಕಂಪನಿಯಲ್ಲಿ ಮಿತಿ ಒಂದೊಂದು ಪೆಟ್ಟಿಗೆಗೆ ಬೇರೆ ಬೇರೆ ಇದ್ದದ್ದರಿಂದ ಇದು ಆಯಿತು. ಕೆಲವು ಹೋಸ್ಟಿಂಗ್‌ಗಳಲ್ಲಿ ಮಿತಿ ಇಡೀ ಡೊಮೇನ್‌ಗೆ ಒಂದೇ ಇರುತ್ತೆ. ಅಲ್ಲಿ ಒಬ್ಬರು ಮುಗಿಸಿದರೆ ಎಲ್ಲರದ್ದೂ ನಿಲ್ಲುತ್ತೆ. ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಬರುವ ಮೇಲ್‌ನಲ್ಲಿ ಮಿತಿ ದಿನಕ್ಕಲ್ಲ, ಗಂಟೆಗೆ ಇಷ್ಟು ಅಂತಲೂ ಇರುತ್ತೆ.

ಮಿತಿ ದಾಟಿದಾಗ ಹೊಸ ಮೇಲ್ ಬರೋದು ನಿಲ್ಲಲ್ಲ, ಹೋಗೋದು ಮಾತ್ರ ನಿಲ್ಲುತ್ತೆ. ಗೂಗಲ್‌ನಲ್ಲಿ ಪರದೆ ಮೇಲೆ `You have reached a limit for sending mail` ಅಂತ ಬರುತ್ತೆ, 24 ಗಂಟೆವರೆಗೆ ಕಳಿಸೋಕೆ ಆಗದೆ ಹೋಗಬಹುದು. ಇದು ಕ್ಯಾಲೆಂಡರ್ ದಿನದ ಲೆಕ್ಕವೂ ಅಲ್ಲ. ಹಿಂದಿನ 24 ಗಂಟೆಯಲ್ಲಿ ಎಷ್ಟು ಕಳಿಸಿದ್ದೀರಿ ಅನ್ನೋದು. ರಾತ್ರಿ ಹನ್ನೆರಡಾದ ಕೂಡಲೇ ಸರಿಹೋಗುತ್ತೆ ಅಂತ ಕಾಯೋದು ವ್ಯರ್ಥ.

ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ದುಡ್ಡು ಕೊಟ್ಟ ಖಾತೆಗೆ ದಿನಕ್ಕೆ 2,000 ಮೇಲ್, ಜೊತೆಗೆ ಪಡೆಯುವವರ ಎಣಿಕೆಗೂ ಬೇರೆ ಮಿತಿ ಇದೆ. ಟ್ರಯಲ್ ಅವಧಿಯಲ್ಲಿ 500 ಮಾತ್ರ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆಯಿಂದ ದಿನಕ್ಕೆ 10,000 ಜನರಿಗೆ ಕಳಿಸಬಹುದು, ಆದರೆ ನಿಮಿಷಕ್ಕೆ 30 ಮೇಲ್‌ಗಿಂತ ಹೆಚ್ಚು ಹೋಗಲ್ಲ. ಇಂಥ ಸಂಖ್ಯೆಗಳನ್ನ ಕಂಪನಿಗಳು ಆಗಾಗ ಬದಲಿಸುತ್ತವೆ. ಕೊಳ್ಳುವ ದಿನ ಅವರದೇ ಸಹಾಯ ಪುಟದಲ್ಲಿ ನೋಡಿಕೊಳ್ಳಬೇಕು.

ಪಂಪ್‌ಸೆಟ್ ಅಂಗಡಿ ಈಗ ರೇಟ್ ಲಿಸ್ಟ್ ಅನ್ನ ದಿನಕ್ಕೆ 150 ಜನರಂತೆ ಐದು ದಿನಕ್ಕೆ ಹಂಚಿ ಕಳಿಸುತ್ತೆ. ಉಳಿದ 150 ದಿನದ ಕೊಟೇಷನ್‌ಗೆ ಮೀಸಲು. ತಿಂಗಳಿಗೊಮ್ಮೆ ಸಾವಿರಾರು ಜನರಿಗೆ ಕಳಿಸುವವರಿಗೆ ಇದು ಸಾಲದು. ಅವರು ದೊಡ್ಡ ಪ್ಲಾನ್ ಕೊಳ್ಳೋ ಬದಲು ಬಲ್ಕ್ ಮೇಲ್‌ಗೆಂದೇ ಇರುವ ಸೇವೆ ತಗೊಳ್ಳಬೇಕು. ಅಂಗಡಿಯ ಮಾಮೂಲಿ ಪೆಟ್ಟಿಗೆಯಿಂದ ಒಮ್ಮೆಗೇ ರಾಶಿ ಕಳಿಸಿದರೆ, ಓದುವವರು ಸ್ಪ್ಯಾಮ್ ಅಂತ ಒತ್ತಿದಷ್ಟೂ ನಾಳೆಯ ಕೊಟೇಷನ್ ಕೂಡ ಸ್ಪ್ಯಾಮ್‌ಗೆ ಬೀಳೋ ಸಾಧ್ಯತೆ ಹೆಚ್ಚುತ್ತೆ.

ಲೆಕ್ಕದ ಸಾಫ್ಟ್‌ವೇರ್‌ನಿಂದ ನೇರ ಬಿಲ್ ಮೇಲ್ ಮಾಡುವವರು ಇನ್ನೊಂದು ನೆನಪಿಡಬೇಕು. ಸಾಫ್ಟ್‌ವೇರ್‌ಗೆ ಯಾವ ಪೆಟ್ಟಿಗೆಯ ಪಾಸ್‌ವರ್ಡ್ ಕೊಟ್ಟಿದೆಯೋ ಆ ಪೆಟ್ಟಿಗೆಯ ಮಿತಿಯಿಂದಲೇ ಅವೆಲ್ಲ ಕಳೆಯುತ್ತವೆ. ಅದಕ್ಕೆ `accounts@` ಕೊಟ್ಟರೆ ಕೌಂಟರ್‌ಗೆ ತೊಂದರೆ ಇಲ್ಲ.

ಇಪ್ಪತ್ತೇ ಕಳಿಸಿ ಮಿತಿ ಮುಗಿದರೆ

ದಿನಕ್ಕೆ ಇಪ್ಪತ್ತು ಮೂವತ್ತು ಮೇಲ್ ಕಳಿಸುವ ಪೆಟ್ಟಿಗೆಗೆ ಏಕಾಏಕಿ ಮಿತಿ ಮುಗಿದಿದೆ ಅಂತ ಬಂದರೆ ಅದು ಪ್ಲಾನ್ ಸಣ್ಣದಾದ ಲಕ್ಷಣ ಅಲ್ಲ. ಬೇರೆ ಯಾರೋ ಆ ಪಾಸ್‌ವರ್ಡ್‌ನಿಂದ ಕಳಿಸ್ತಿದ್ದಾರೆ ಅನ್ನೋ ಅನುಮಾನ ಮೊದಲು ಬರಬೇಕು. ಗೊತ್ತಿಲ್ಲದ ವಿಳಾಸಗಳಿಂದ ‘ತಲುಪಲಿಲ್ಲ’ ಎಂಬ ವಾಪಸ್ ಮೇಲ್ ರಾಶಿ ಬಂದಿದ್ದರೆ ಅನುಮಾನ ಬಲವಾಗುತ್ತೆ. ಸೆಂಟ್ ಫೋಲ್ಡರ್ ಖಾಲಿ ಇದ್ದರೂ ಸಮಾಧಾನ ಪಡುವ ಹಾಗಿಲ್ಲ, ಕದ್ದವರು ಅಳಿಸಿರ್ತಾರೆ. ಪಾಸ್‌ವರ್ಡ್ ಬದಲಿಸಿ, ಬೇರೆ ಸಾಧನಗಳಿಂದ ಲಾಗೌಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ ಇದೆಯಾ ನೋಡಬೇಕು. ಅದು ಉಳಿದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಅಂಗಡಿಗೆ ಬಂದ ಮೇಲ್‌ನ ಪ್ರತಿ ಅವರಿಗೆ ಹೋಗ್ತಾನೇ ಇರುತ್ತೆ. ಇಂಥ ಹೊತ್ತಲ್ಲಿ ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟಿದರೆ ಕಳ್ಳನ ಮಿತಿ ಹೆಚ್ಚಿಸಿದ ಹಾಗೆ ಅಷ್ಟೇ.

ದುಡ್ಡು ಕಟ್ಟುವ ಮೊದಲು ಬರಹದಲ್ಲಿ ಕೇಳಬೇಕಾದ್ದು

1. ಬಿಲ್ ಮೇಲ್‌ಬಾಕ್ಸ್ ಎಣಿಕೆ ಮೇಲಾ? ಮಧ್ಯದಲ್ಲಿ ಒಂದು ಸೇರಿಸಬಹುದಾ, ಕಡಿಮೆ ಮಾಡಬಹುದಾ?

2. ಒಂದು ಪೆಟ್ಟಿಗೆಗೆ ಎಷ್ಟು ಅಲಿಯಾಸ್? ಅಲಿಯಾಸ್ ಹೆಸರಿನಲ್ಲಿ ಉತ್ತರ ಕಳಿಸೋಕೆ ಬರುತ್ತಾ?

3. ಜಾಗ ಪೆಟ್ಟಿಗೆಗೆ ಬೇರೆ ಬೇರೆಯಾ, ಎಲ್ಲರಿಗೂ ಒಂದೇ ರಾಶಿಯಾ, ವೆಬ್‌ಸೈಟ್ ಜೊತೆ ಸೇರಿದ್ದಾ?

4. ಕಳಿಸುವ ಮಿತಿ ದಿನಕ್ಕೋ ಗಂಟೆಗೋ? ಎಣಿಸೋದು ಮೇಲ್‌ನೋ ಪಡೆಯುವವರನ್ನೋ? ಪೆಟ್ಟಿಗೆಗೋ ಇಡೀ ಡೊಮೇನ್‌ಗೋ?

5. ಎರಡನೇ ವರ್ಷದ ದರ ಎಷ್ಟು? ಮೊದಲ ವರ್ಷದ ರಿಯಾಯಿತಿ ದರ ಮಾತ್ರ ದೊಡ್ಡ ಅಕ್ಷರದಲ್ಲಿ ಇರೋದು ಮಾಮೂಲಿ.

6. ಡೊಮೇನ್ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ, ಅದರ ಲಾಗಿನ್ ಯಾರ ಹತ್ತಿರ ಇದೆ? ಅದು ಅಂಗಡಿಯವರ ಕೈಯಲ್ಲೇ ಇದ್ದರೆ ಇಮೇಲ್ ಕಂಪನಿಯನ್ನ ಯಾವಾಗ ಬೇಕಾದರೂ ಬದಲಿಸಬಹುದು, ವಿಳಾಸಗಳು ಹಾಗೇ ಉಳಿಯುತ್ತವೆ. ಬದಲಿಸುವ ಮೊದಲು ಹಳೆ ಪೆಟ್ಟಿಗೆಯ ಮೇಲ್‌ಗಳನ್ನ ಹೊಸದಕ್ಕೆ ಸಾಗಿಸಿಕೊಂಡು, ಆಮೇಲೆ ಹಳೆ ಪ್ಲಾನ್ ನಿಲ್ಲಿಸಬೇಕು.